ಸ್ಟೀರಾಯ್ಡ್ ಕಣ್ಣಿನ ಹನಿ: ಏರುವ ಒತ್ತಡ, ಮೂಡುವ ಪೊರೆ, ಇಳಿಕೆಯ ಚೀಟಿ

ಫೆಬ್ರವರಿಯ ಬಿಸಿಲು ಏರತೊಡಗಿತೆಂದರೆ ನಮ್ಮ ತರಗತಿಗಳಲ್ಲಿ ಕಣ್ಣುಜ್ಜುವ ಮಕ್ಕಳು ಕಾಣಿಸಿಕೊಳ್ಳುತ್ತಾರೆ. ಹೆಚ್ಚಿನವರು ಗಂಡು ಮಕ್ಕಳು, ಐದರಿಂದ ಹದಿನಾಲ್ಕರ ಒಳಗಿನವರು. ಕಣ್ಣು ಕೆಂಪಾಗಿ, ನೂಲಿನಂತೆ ಎಳೆದರೆ ಬರುವ ಬಿಳಿಯ ಪಿಸುರು ಕಟ್ಟಿ, ಉಜ್ಜಿದಷ್ಟೂ ತುರಿಕೆ ಹೆಚ್ಚುತ್ತದೆ. ಇದು ಒಬ್ಬರಿಂದ ಒಬ್ಬರಿಗೆ ಹರಡುವ ಕೆಂಗಣ್ಣಲ್ಲ. ವರ್ಷವರ್ಷವೂ ಮರಳಿ ಬಂದು, ಬಹುಪಾಲು ಮಕ್ಕಳಲ್ಲಿ ಹರೆಯ ದಾಟಿದ ಮೇಲೆ ತಾನಾಗಿ ಅಡಗುವ ಅಲರ್ಜಿ. ಕಣ್ಣಿನ ವೈದ್ಯರು ಇದನ್ನು ವರ್ನಲ್ ಕಂಜಂಕ್ಟಿವೈಟಿಸ್ ಎನ್ನುತ್ತಾರೆ. ಈ ಕಾಯಿಲೆಯಿಂದ ದೃಷ್ಟಿ ಹೋಗುವುದು ವಿರಳ. ಅದಕ್ಕೆಂದು ತಂದ ಹನಿಮದ್ದನ್ನು ನಿಲ್ಲಿಸದೆ ಹಾಕಿದ್ದರಿಂದ ದೃಷ್ಟಿ ಕಳೆದುಕೊಂಡ ಮಕ್ಕಳು ಮಾತ್ರ ನಮ್ಮ ದೇಶದ ದೊಡ್ಡ ಕಣ್ಣಾಸ್ಪತ್ರೆಗಳಿಗೆ ಇಂದಿಗೂ ಬರುತ್ತಿದ್ದಾರೆ.

ಅಂಥ ಒಬ್ಬ ಹುಡುಗ ನಮ್ಮ ಶಾಲೆಯಲ್ಲಿದ್ದ. ಅವನ ಮನೆಯವರ ಒಪ್ಪಿಗೆಯಿಂದ, ಹೆಸರನ್ನು ಬಿಟ್ಟು, ಆ ಕಥೆಯನ್ನು ಇಲ್ಲಿ ಹೇಳುತ್ತಿದ್ದೇವೆ.

ಎರಡು ಬಾಟಲಿಗಳಲ್ಲಿ ಉಳಿದದ್ದು ಒಂದು

ಹುಡುಗ ನಾಲ್ಕನೆಯ ತರಗತಿಯಲ್ಲಿದ್ದಾಗ ತಂದೆತಾಯಿ ಅವನನ್ನು ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ದಿದ್ದರು. ವೈದ್ಯರು ಎರಡು ಹನಿಮದ್ದು ಬರೆದರು. ಒಂದು ಸ್ಟೀರಾಯ್ಡ್ ಇರುವ ಹನಿ. ಅದನ್ನು ಮೊದಲ ವಾರ ದಿನಕ್ಕೆ ನಾಲ್ಕು ಸಲ, ಎರಡನೆಯ ವಾರ ಎರಡು ಸಲ, ಮೂರನೆಯ ವಾರ ಒಂದು ಸಲ ಹಾಕಿ ನಿಲ್ಲಿಸಬೇಕಿತ್ತು. ಇನ್ನೊಂದು ಓಲೋಪಟಡೀನ್ ಎಂಬ ಅಲರ್ಜಿಯ ಹನಿ. ಸ್ಟೀರಾಯ್ಡ್ ಅಲ್ಲದ ಅದನ್ನು ಬೇಸಗೆ ಮುಗಿಯುವ ತನಕ ಹಾಕಬಹುದಿತ್ತು. ಚೀಟಿ ಇಂಗ್ಲಿಷಿನಲ್ಲಿತ್ತು, ಬಾಯಿಮಾತಿನ ವಿವರಣೆ ಮಲಯಾಳದಲ್ಲಿತ್ತು. ಕನ್ನಡದಲ್ಲಷ್ಟೇ ಓದಿ ಬರೆಯಬಲ್ಲ ತಾಯಿ ತಲೆಯಾಡಿಸಿ ಬಂದರು.

ಸ್ಟೀರಾಯ್ಡ್ ಹನಿ ಎರಡೇ ದಿನದಲ್ಲಿ ತುರಿಕೆಯನ್ನು ನಿಲ್ಲಿಸಿತು. ಓಲೋಪಟಡೀನ್ ಸ್ಟೀರಾಯ್ಡಿನಷ್ಟು ಬಲವಾದ ಮದ್ದಲ್ಲವಾದ್ದರಿಂದ ಅದು ಕೆಲಸ ಮಾಡುತ್ತಿದೆಯೆಂದು ಯಾರಿಗೂ ಅನಿಸಲಿಲ್ಲ. ಮೇ ತಿಂಗಳಲ್ಲಿ ತುರಿಕೆ ಮರಳಿದಾಗ ತಂದೆ ಖಾಲಿ ಬಾಟಲಿಯನ್ನು ಹಿಡಿದು ಮದ್ದಿನ ಅಂಗಡಿಗೆ ಹೋದರು. ಅವರು ಹಿಡಿದುಕೊಂಡು ಹೋದದ್ದು ‘ಗುಣ ಕಂಡ’ ಬಾಟಲಿ, ಅಂದರೆ ಸ್ಟೀರಾಯ್ಡಿನದು. ಅಂಗಡಿಯಲ್ಲಿ ಅದೇ ಸಿಕ್ಕಿತು, ಚೀಟಿ ಕೇಳಿದವರಿಲ್ಲ. ಮುಂದಿನ ಮೂರು ವರ್ಷ, ವರ್ಷಕ್ಕೆ ಏಳೆಂಟು ತಿಂಗಳು, ದಿನಕ್ಕೆ ಎರಡು ಮೂರು ಸಲ ಆ ಹನಿ ಹುಡುಗನ ಕಣ್ಣಿಗೆ ಬಿತ್ತು. ಕಣ್ಣು ಬೆಳ್ಳಗೆ, ಸ್ವಚ್ಛವಾಗಿ ಕಾಣುತ್ತಿತ್ತು. ತಾಯಿ ಕಾಳಜಿಯಿಂದಲೇ, ಒಂದು ದಿನವೂ ತಪ್ಪಿಸದೆ ಹಾಕುತ್ತಿದ್ದರು.

ನಮಗೆ ಅನುಮಾನ ಬಂದದ್ದು ಆಟದ ಬಯಲಿನಲ್ಲಿ. ಬದಿಯಿಂದ ಬಂದ ಚೆಂಡು ಅವನಿಗೆ ಕಾಣುತ್ತಿರಲಿಲ್ಲ. ತರಗತಿಯಲ್ಲಿ ನಡೆಯುವಾಗ ಬೆಂಚಿನ ಮೂಲೆಗೆ ಮೊಣಕಾಲು ತಾಗಿಸಿಕೊಳ್ಳುತ್ತಿದ್ದ. ಬಿಸಿಲಿಗೆ ಬಂದರೆ ಹಣೆಗೆ ಅಂಗೈ ಅಡ್ಡ ಹಿಡಿದು ಕಣ್ಣು ಕಿರಿದು ಮಾಡುತ್ತಿದ್ದ. ನಾವು ಮೊದಲು ಅದನ್ನು ಅಜಾಗರೂಕತೆಯೆಂದೇ ತಿಳಿದು ಗದರಿದ್ದೆವು ಎಂಬುದನ್ನೂ ಇಲ್ಲಿ ಹೇಳಬೇಕು. ಶಾಲೆಯ ದೃಷ್ಟಿ ತಪಾಸಣೆಯಲ್ಲಿ ಹಲಗೆಯ ಅಕ್ಷರಗಳನ್ನು 6/9ರ ಸಾಲಿನ ತನಕ ಓದಿದ್ದ ಕಾರಣ ಅವನ ಹೆಸರು ತೊಂದರೆಯುಳ್ಳವರ ಪಟ್ಟಿಯಲ್ಲಿ ಇರಲಿಲ್ಲ.

ಆಸ್ಪತ್ರೆಯಲ್ಲಿ ಅಳೆದಾಗ ಬಲಗಣ್ಣಿನ ಒತ್ತಡ 42, ಎಡಗಣ್ಣಿನದು 36 ಇತ್ತು. ಸಾಮಾನ್ಯ ಕಣ್ಣಿನಲ್ಲಿ ಇದು 10ರಿಂದ 21 ಮಿಲಿಮೀಟರ್ ಪಾದರಸದ ನಡುವೆ ಇರುತ್ತದೆ. ಬಲಗಣ್ಣಿನ ದೃಷ್ಟಿನರದ ಬಹುಪಾಲು ಎಳೆಗಳು ಸತ್ತುಹೋಗಿದ್ದವು. ಅದೇ ಕಣ್ಣಿನ ಮಸೂರದ ಹಿಂಬದಿಯಲ್ಲಿ ತೆಳುವಾದ ಪೊರೆಯೂ ಮೂಡಿತ್ತು. ಹುಡುಗನಿಗಾಗ ಹನ್ನೆರಡು ವರ್ಷ.

ನೋವಿಲ್ಲದೆ ಏರುವ ಒತ್ತಡ

ಕಣ್ಣುಗುಡ್ಡೆ ಒಳಗಿನಿಂದ ತುಂಬಿ ನಿಲ್ಲಲು ಅದರ ಮುಂಭಾಗದಲ್ಲಿ ತಿಳಿಯಾದ ದ್ರವವೊಂದು ಸದಾ ಒಸರುತ್ತಿರುತ್ತದೆ. ಇದು ಕಣ್ಣೀರಲ್ಲ, ಕಣ್ಣಿನ ಒಳಗೇ ಹುಟ್ಟಿ ಒಳಗೇ ಬಸಿದುಹೋಗುವ ನೀರು. ಕಪ್ಪುಗುಡ್ಡೆಯ ಅಂಚಿನಲ್ಲಿ, ಒಳಗಡೆ, ಜಾಲರಿಯಂಥ ಸೂಕ್ಷ್ಮ ಅಂಗಾಂಶವೊಂದಿದೆ. ದ್ರವದ ಹೆಚ್ಚಿನ ಪಾಲು ಅದರ ಮೂಲಕ ಬಸಿದು ರಕ್ತನಾಳಕ್ಕೆ ಸೇರುತ್ತದೆ. ಒಸರುವಷ್ಟೇ ಬಸಿದರೆ ಒತ್ತಡ ಹದದಲ್ಲಿರುತ್ತದೆ.

ಸ್ಟೀರಾಯ್ಡ್ ಈ ಜಾಲರಿಯ ಕೋಶಗಳ ಸ್ವಭಾವವನ್ನೇ ಬದಲಿಸುತ್ತದೆ. ಕೋಶಗಳು ಗಡುಸಾಗುತ್ತವೆ, ಅವುಗಳ ನಡುವೆ ಅಂಟಿನಂಥ ವಸ್ತು ಶೇಖರವಾಗುತ್ತದೆ, ಅದನ್ನು ಗುಡಿಸಿ ತೆಗೆಯುವ ಶಕ್ತಿ ಕುಂದುತ್ತದೆ. ಅಡಿಕೆ ತೋಟದ ಬಸಿಗಾಲುವೆಯಲ್ಲಿ ಕೆಸರು ಕಟ್ಟಿದರೆ ಏನಾಗುವುದೆಂದು ನಮ್ಮ ಓದುಗರಿಗೆ ವಿವರಿಸಬೇಕಿಲ್ಲ. ಕಣ್ಣಿಗೆ ನೀರು ತುಳುಕಿಸಲು ಬೇರೆ ದಾರಿಯಿಲ್ಲವಾದ್ದರಿಂದ ಒಳಗಿನ ಒತ್ತಡ ಏರುತ್ತದೆ. ಆ ಒತ್ತಡದ ಪೆಟ್ಟು ಬೀಳುವುದು ಗುಡ್ಡೆಯ ಹಿಂಬದಿಯಲ್ಲಿ, ಕಣ್ಣಿನಿಂದ ಮಿದುಳಿಗೆ ಹೋಗುವ ದೃಷ್ಟಿನರದ ಮೇಲೆ. ಹೀಗೆ ನರ ಸವೆಯುವ ಕಾಯಿಲೆಯೇ ಗ್ಲಾಕೋಮಾ. ಸತ್ತ ನರದ ಎಳೆ ಮತ್ತೆ ಚಿಗುರುವುದಿಲ್ಲ.

ಇದು ಎಲ್ಲರಿಗೂ ಒಂದೇ ಬಗೆಯಲ್ಲಿ ಆಗುವುದಿಲ್ಲ. 1960ರ ದಶಕದಲ್ಲಿ ಅಮೆರಿಕದ ಬರ್ನಾರ್ಡ್ ಬೆಕರ್ ಮತ್ತು ಮನ್ಸೂರ್ ಅರ್ಮಾಲಿ ಎಂಬ ವೈದ್ಯರು ಬೇರೆ ಬೇರೆಯಾಗಿ ನಡೆಸಿದ ಪರೀಕ್ಷೆಗಳಲ್ಲಿ ಆರೋಗ್ಯವಂತರಿಗೆ ಕೆಲವು ವಾರ ಸ್ಟೀರಾಯ್ಡ್ ಹನಿ ಹಾಕಿ ನೋಡಲಾಯಿತು. ನೂರರಲ್ಲಿ ಸುಮಾರು ಐವರಿಗೆ ಒತ್ತಡ ಬಹಳವಾಗಿ ಏರಿತು, ಮೂರರಲ್ಲಿ ಒಂದು ಪಾಲಿನವರಿಗೆ ಮಧ್ಯಮ ಪ್ರಮಾಣದಲ್ಲಿ ಏರಿತು, ಉಳಿದವರಲ್ಲಿ ಹೇಳಿಕೊಳ್ಳುವ ಬದಲಾವಣೆ ಇರಲಿಲ್ಲ. ಯಾರು ಯಾವ ಗುಂಪಿಗೆ ಸೇರಿದವರೆಂದು ಮುಖ ನೋಡಿ ಹೇಳಲಾಗದು. ಆದರೆ ಮನೆತನದಲ್ಲಿ ಗ್ಲಾಕೋಮಾ ಇರುವವರು, ಸಕ್ಕರೆ ಕಾಯಿಲೆಯವರು, ದೂರದೃಷ್ಟಿ ತೀರ ಮಂಜಾಗಿ ದಪ್ಪ ಕನ್ನಡಕ ಹಾಕುವವರು ಮತ್ತು ಮಕ್ಕಳು ಹೆಚ್ಚಿನ ಅಪಾಯದಲ್ಲಿರುತ್ತಾರೆ. ನಮ್ಮ ಹುಡುಗನ ಅಜ್ಜನಿಗೆ ಗ್ಲಾಕೋಮಾ ಇತ್ತೆಂಬ ಸಂಗತಿ ಆಮೇಲೆ ಹೊರಬಂತು. ‘ಅಜ್ಜನಿಗೆ ಕಡೆಗಾಲದಲ್ಲಿ ಕಣ್ಣು ಕಾಣುತ್ತಿರಲಿಲ್ಲ’ ಎಂದಷ್ಟೇ ಮನೆಯವರಿಗೆ ಗೊತ್ತಿತ್ತು.

ದೊಡ್ಡವರಲ್ಲಿ ಒತ್ತಡ ಏರಲು ಸಾಮಾನ್ಯವಾಗಿ ಎರಡರಿಂದ ಆರು ವಾರ ಹಿಡಿಯುತ್ತದೆ. ಮಕ್ಕಳಲ್ಲಿ ಕೆಲವೇ ದಿನಗಳಲ್ಲಿಯೂ ಏರಬಹುದು. ಹತ್ತು ದಿನಕ್ಕಿಂತ ಹೆಚ್ಚು ಕಾಲ ಹಾಕಬೇಕಾದರೆ ಕಣ್ಣಿನ ಒತ್ತಡವನ್ನು ಅಳೆಯುತ್ತಿರಬೇಕೆಂದು ಇಂಥ ಮದ್ದುಗಳ ಮಾಹಿತಿ ಪತ್ರದಲ್ಲಿಯೇ ಇರುತ್ತದೆ. ಕಣ್ಣನ್ನು ನೋಡಿ ಅಥವಾ ಮುಟ್ಟಿ ಇದನ್ನು ತಿಳಿಯುವಂತಿಲ್ಲ. ನಿಧಾನವಾಗಿ ಏರಿದ ಒತ್ತಡ ನೋಯುವುದಿಲ್ಲ, ಕಣ್ಣು ಕೆಂಪಾಗುವುದಿಲ್ಲ. ಸ್ಟೀರಾಯ್ಡೇ ಕೆಂಪನ್ನು ಅಳಿಸುವುದರಿಂದ ಕಣ್ಣು ಮೊದಲಿಗಿಂತ ಚೆನ್ನಾಗಿಯೇ ಕಾಣುತ್ತದೆ. ದೃಷ್ಟಿ ಮೊದಲು ಬದಿಗಳಲ್ಲಿ ಸವೆಯುತ್ತದೆ, ನಡುವಿನದು ಕೊನೆಯ ತನಕ ಉಳಿಯುತ್ತದೆ. ಹಲಗೆಯ ಅಕ್ಷರ ಓದಿಸುವ ನಮ್ಮ ಶಾಲಾ ತಪಾಸಣೆ ಹುಡುಗನನ್ನು ಹಿಡಿಯದೆ ಹೋದದ್ದು ಇದೇ ಕಾರಣಕ್ಕೆ. ಒತ್ತಡವನ್ನು ಅಳೆಯಲು ಉಪಕರಣವೇ ಬೇಕು. ಕಣ್ಣಿಗೆ ಮರಗಟ್ಟುವ ಹನಿ ಹಾಕಿ ನೀಲಿ ಬೆಳಕಿನ ತುದಿಯನ್ನು ತಾಗಿಸಿ ಅಳೆಯುತ್ತಾರೆ, ಇಲ್ಲವೇ ಗಾಳಿಯ ಸಣ್ಣ ಊದಿನಿಂದ ಅಳೆಯುತ್ತಾರೆ. ಎರಡೂ ಒಂದೆರಡು ನಿಮಿಷದ ಕೆಲಸ.

ಮಸೂರದ ಬೆನ್ನಿನ ಪೊರೆ

ಪೊರೆ ಎಂದೊಡನೆ ನಮಗೆ ನೆನಪಾಗುವುದು ಅಜ್ಜಅಜ್ಜಿಯರ ಕಣ್ಣು. ಸ್ಟೀರಾಯ್ಡಿನಿಂದ ಮೂಡುವ ಪೊರೆ ಸ್ವಲ್ಪ ಬೇರೆ. ಅದು ಮಸೂರದ ಹಿಂಬದಿಯಲ್ಲಿ, ಬೆಳಕು ಹಾದುಹೋಗುವ ದಾರಿಯ ನಟ್ಟನಡುವೆ ಕೂರುತ್ತದೆ. ಬಿಸಿಲಿನಲ್ಲಿ ಪಾಪೆ ಕಿರಿದಾದಾಗ ಇದ್ದಬದ್ದ ಬೆಳಕೆಲ್ಲ ಆ ಕಲೆಯ ಮೂಲಕವೇ ಹಾಯಬೇಕಾಗುತ್ತದೆ. ಆದ್ದರಿಂದ ಇಂಥ ಪೊರೆಯವರಿಗೆ ಮಬ್ಬು ಬೆಳಕಿನಲ್ಲಿ ಅಷ್ಟಿಷ್ಟು ಕಂಡರೂ ಹಗಲಿನಲ್ಲಿ ಕಣ್ಣು ಕೋರೈಸುತ್ತದೆ, ಎದುರಿನ ವಾಹನದ ದೀಪ ಚೆದುರಿ ಕಾಣುತ್ತದೆ, ದೂರದ್ದಕ್ಕಿಂತ ಹತ್ತಿರದ ಓದು ಹೆಚ್ಚು ಕಷ್ಟವಾಗುತ್ತದೆ. ಹುಡುಗ ಅಂಗೈ ಅಡ್ಡ ಹಿಡಿಯುತ್ತಿದ್ದದ್ದು ಇದಕ್ಕೆ.

ಎಷ್ಟು ಹನಿಗೆ ಪೊರೆ ಬರುತ್ತದೆ ಎಂಬ ಗೆರೆಯಿಲ್ಲ. ಮದ್ದಿನ ಬಲ ಮತ್ತು ಹಾಕಿದ ಕಾಲ ಹೆಚ್ಚಿದಷ್ಟು ಸಾಧ್ಯತೆ ಹೆಚ್ಚು. ಕೆಲವು ವಾರಗಳ ಒಂದು ಸರದಿಯಿಂದ ಅಂಜಬೇಕಾದುದಲ್ಲ, ತಿಂಗಳು ವರ್ಷಗಳ ಬಳಕೆಯಿಂದ ಅಂಜಬೇಕಾದುದು. ಮದ್ದು ನಿಲ್ಲಿಸಿದರೆ ಒತ್ತಡ ಇಳಿಯಬಹುದು, ಮೂಡಿದ ಪೊರೆ ಸಾಮಾನ್ಯವಾಗಿ ಕರಗುವುದಿಲ್ಲ. ಶಸ್ತ್ರಚಿಕಿತ್ಸೆಯಿಂದ ಅದನ್ನು ತೆಗೆಯಬಹುದೆಂಬುದು ಸಮಾಧಾನ. ಗ್ಲಾಕೋಮಾದ ಹಾನಿಗೆ ಆ ಸಮಾಧಾನವೂ ಇಲ್ಲ.

ಇನ್ನೊಂದು ಮನೆ, ಇನ್ನೊಂದು ತಪ್ಪು

ಇಷ್ಟನ್ನು ಓದಿದವರು ‘ಹಾಗಾದರೆ ಸ್ಟೀರಾಯ್ಡ್ ಹನಿಯೇ ಬೇಡ’ ಎಂದುಕೊಂಡಾರು. ಹುಡುಗನ ವಿಷಯ ಊರಲ್ಲಿ ಹರಡಿದಾಗ ಹಾಗೆಯೇ ಆಯಿತು. ನಮ್ಮ ಪರಿಚಯದ ಒಬ್ಬ ಅಜ್ಜಿಗೆ ಪೊರೆಯ ಶಸ್ತ್ರಚಿಕಿತ್ಸೆಯಾಗಿ ಹದಿನೈದು ದಿನವಾಗಿತ್ತು. ಕಣ್ಣು ಚೆನ್ನಾಗಿ ಕಾಣುತ್ತಿತ್ತು. ಬಾಟಲಿಯಲ್ಲಿರುವುದು ಸ್ಟೀರಾಯ್ಡ್ ಎಂದು ಯಾರೋ ಹೇಳಿದ್ದರಿಂದ ಅಂದಿನಿಂದಲೇ ಹನಿ ನಿಲ್ಲಿಸಿದರು. ನಾಲ್ಕನೆಯ ದಿನ ಕಪ್ಪುಗುಡ್ಡೆಯ ಸುತ್ತ ಕೆಂಪು, ಹುಬ್ಬಿನ ಬಳಿ ಮಂದ ನೋವು, ಬೆಳಕು ಕಂಡರೆ ನೀರು, ಕಂಡದ್ದೆಲ್ಲ ಮಂಜು.

ಶಸ್ತ್ರಚಿಕಿತ್ಸೆ ಎಷ್ಟೇ ನಯವಾಗಿ ನಡೆದರೂ ಕಣ್ಣಿನ ಪಾಲಿಗೆ ಅದೊಂದು ಗಾಯ. ಗಾಯಕ್ಕೆ ಉತ್ತರವಾಗಿ ಉರಿಯೂತ ಏಳುತ್ತದೆ ಮತ್ತು ವಾರಗಟ್ಟಲೆ ಒಳಗೆ ನಡೆದಿರುತ್ತದೆ. ಸ್ಟೀರಾಯ್ಡ್ ಅದನ್ನು ಒತ್ತಿ ಹಿಡಿಯುತ್ತದೆಯೇ ಹೊರತು ಅದರ ಕಾರಣವನ್ನು ಕಿತ್ತು ಹಾಕುವುದಿಲ್ಲ. ಒತ್ತಿ ಹಿಡಿದ ಕೈಯನ್ನು ಒಮ್ಮೆಲೇ ತೆಗೆದರೆ ಅಡಗಿದ್ದ ಉರಿಯೂತ ಪುಟಿದೇಳುತ್ತದೆ, ಕೆಲವೊಮ್ಮೆ ಮೊದಲಿಗಿಂತ ಜೋರಾಗಿ. ಆಗ ಪಾಪೆಯ ಅಂಚು ಹಿಂದಿನ ಮಸೂರಕ್ಕೆ ಅಂಟಿಕೊಳ್ಳಬಹುದು, ದೃಷ್ಟಿಯ ನಡುಭಾಗದಲ್ಲಿ ಬಾವು ಬರಬಹುದು. ಕಣ್ಣಿನ ನಡುಪದರದ ಉರಿಯೂತವಾದ ಯುವೈಟಿಸ್ ಇರುವವರಲ್ಲಿ ಈ ಮರುಕಳಿಕೆ ಇನ್ನೂ ಬಲವಾಗಿರುತ್ತದೆ. ಅವರಿಗೆ ವೈದ್ಯರು ತಿಂಗಳುಗಟ್ಟಲೆ ಇಳಿಸುತ್ತಾ ಹೋಗುವುದುಂಟು. ಹನಿಯನ್ನು ಹಂತಹಂತವಾಗಿ ಕಡಿಮೆ ಮಾಡಿದರೆ ದೇಹ ತಾನೇ ಉರಿಯೂತವನ್ನು ಅಡಗಿಸಿಕೊಳ್ಳಲು ಸಮಯ ಸಿಗುತ್ತದೆ, ಯಾವ ಹಂತದಲ್ಲಾದರೂ ಅದು ತಲೆಯೆತ್ತಿದರೆ ಸಣ್ಣದಿರುವಾಗಲೇ ತಿಳಿಯುತ್ತದೆ.

ಅಜ್ಜಿಗೆ ವೈದ್ಯರು ಮತ್ತೆ ಗಂಟೆಗೊಂದರಂತೆ ಹನಿ ಆರಂಭಿಸಿ, ಮೊದಲಿನಿಂದ ಇಳಿಸುತ್ತಾ ಬಂದರು. ಸ್ಟೀರಾಯ್ಡಿಗೆ ಹೆದರಿ ನಿಲ್ಲಿಸಿದ್ದರಿಂದ ಅವರ ಕಣ್ಣಿಗೆ ಕೊನೆಗೆ ಬಿದ್ದದ್ದು ಇನ್ನೂ ಹೆಚ್ಚು ಸ್ಟೀರಾಯ್ಡ್.

ಹುಡುಗನ ಮನೆ ನಿಲ್ಲಿಸದೆ ತಪ್ಪಿತು, ಅಜ್ಜಿಯ ಮನೆ ಬೇಗ ನಿಲ್ಲಿಸಿ ತಪ್ಪಿತು. ಎರಡೂ ಮನೆಗಳಲ್ಲಿ ಬದಿಗಿಟ್ಟದ್ದು ಒಂದೇ ಕಾಗದವನ್ನು. ಇಳಿಕೆಯ ಚೀಟಿ ಯಾವಾಗ ಎಷ್ಟು ಕಡಿಮೆ ಮಾಡಬೇಕೆಂದು ಹೇಳುವಂತೆಯೇ ಯಾವ ದಿನ ಕೊನೆಯ ಹನಿ ಎಂಬುದನ್ನೂ ಹೇಳುತ್ತದೆ.

ಚೀಟಿಯನ್ನು ಓದುವುದು

ಪೊರೆಯ ಶಸ್ತ್ರಚಿಕಿತ್ಸೆಯ ಬಳಿಕ ನಮ್ಮ ಕಡೆ ಬಹಳವಾಗಿ ಬರೆಯುವ ಕ್ರಮ ‘6-5-4-3-2-1’. ಮೊದಲ ವಾರ ದಿನಕ್ಕೆ ಆರು ಸಲ, ಎರಡನೆಯ ವಾರ ಐದು ಸಲ, ಹೀಗೆ ಆರನೆಯ ವಾರ ದಿನಕ್ಕೊಂದು ಸಲ, ಆಮೇಲೆ ಇಲ್ಲ. ಇದನ್ನು ತಪ್ಪಾಗಿ ಓದುವ ಎರಡು ಬಗೆಗಳನ್ನು ನಾವು ಕಂಡಿದ್ದೇವೆ. ಒಂದು, ‘ಆರು ಸಲ’ವನ್ನು ‘ಆರು ಹನಿ’ ಎಂದು ತಿಳಿದು ಬೆಳಿಗ್ಗೆ ಒಮ್ಮೆಲೇ ಆರು ಹನಿ ಸುರಿಯುವುದು. ಕಣ್ಣಿನ ರೆಪ್ಪೆಯೊಳಗೆ ಒಂದು ಹನಿಯೇ ಪೂರ್ತಿ ಹಿಡಿಸುವುದಿಲ್ಲ. ಉಳಿದ ಐದು ಕೆನ್ನೆಗೆ ಹೋಗುತ್ತವೆ, ದಿನದ ಉಳಿದ ಹೊತ್ತು ಕಣ್ಣಿಗೆ ಮದ್ದಿಲ್ಲ. ಇನ್ನೊಂದು, ಮಾತ್ರೆಯ ಚೀಟಿಯಲ್ಲಿರುವ ‘1-0-1’ರಂತೆ ಇದನ್ನೂ ಒಂದೇ ದಿನದ ಹೊತ್ತುಗಳ ಲೆಕ್ಕವೆಂದು ತಿಳಿಯುವುದು.

ಮೂರನೆಯ ತಪ್ಪು ಓದಿನದಲ್ಲ, ಬಾಟಲಿಯದು. ಅದನ್ನು ಐದನೆಯ ತರಗತಿಯ ಮಕ್ಕಳೂ ಲೆಕ್ಕ ಹಾಕಿ ಹಿಡಿಯಬಲ್ಲರು. 6, 5, 4, 3, 2, 1 ಸೇರಿದರೆ 21. ಪ್ರತಿಯೊಂದೂ ಏಳು ದಿನ ನಡೆಯುವುದರಿಂದ ಒಟ್ಟು 147 ಹನಿ. ಐದು ಮಿಲಿಲೀಟರಿನ ಬಾಟಲಿಯಲ್ಲಿ, ಮಿಲಿಲೀಟರಿಗೆ 20 ಹನಿಯಂತೆ, ಇರುವುದು ಸುಮಾರು 100 ಹನಿ. ಮೊದಲ ಮೂರು ವಾರಕ್ಕೇ 105 ಹನಿ ಬೇಕು. ಎಂದರೆ ದಿನಕ್ಕೆ ನಾಲ್ಕು ಸಲ ಹಾಕುತ್ತಿರುವ ಹಂತದಲ್ಲಿಯೇ ಬಾಟಲಿ ಬರಿದಾಗುತ್ತದೆ. ‘ಮದ್ದು ಮುಗಿಯಿತು’ ಎಂದು ಅಲ್ಲಿಗೆ ನಿಲ್ಲಿಸಿದವರು ನಾಲ್ಕರಿಂದ ಸೊನ್ನೆಗೆ ಹಾರಿದಂತಾಯಿತು. ಕಣ್ಣಿನ ಆಚೆ ಬಿದ್ದು ಪೋಲಾಗುವ ಹನಿಗಳನ್ನು ಸೇರಿಸಿದರೆ ಅದು ಇನ್ನೂ ಮೊದಲೇ ಬರಿದಾದೀತು. ಆದ್ದರಿಂದ ಚೀಟಿ ಕೊಟ್ಟ ದಿನವೇ, ಎರಡನೆಯ ಬಾಟಲಿ ಬೇಕಾಗುವುದೇ ಎಂದು ವೈದ್ಯರನ್ನು ಕೇಳಿಕೊಳ್ಳಬೇಕು. ಬಾಟಲಿಯನ್ನು ತೆರೆದು ಒಂದು ತಿಂಗಳಾದ ಮೇಲೆ ಅದರಲ್ಲಿ ಉಳಿದದ್ದು ಬಳಕೆಗೆ ಬಾರದು ಎಂಬುದೂ ಇದರೊಂದಿಗೆ ಸೇರಿಕೊಳ್ಳುತ್ತದೆ.

ಇನ್ನೊಂದು ಸಣ್ಣ ವಿಚಾರ. ಶಸ್ತ್ರಚಿಕಿತ್ಸೆಯ ಬಳಿಕ ಹೆಚ್ಚಾಗಿ ಕೊಡುವ ಪ್ರೆಡ್ನಿಸೋಲೋನ್ ಅಸಿಟೇಟ್ ನೀರಿನಲ್ಲಿ ಕರಗಿದ ಮದ್ದಲ್ಲ. ಹಾಲಿನಂತೆ ಬೆಳ್ಳಗಿರುವ ಅದರಲ್ಲಿ ಮದ್ದಿನ ಕಣಗಳು ತೇಲುತ್ತಿರುತ್ತವೆ ಮತ್ತು ತಳಕ್ಕೆ ಇಳಿಯುತ್ತವೆ. ಪ್ರತಿ ಸಲವೂ ಬಾಟಲಿಯನ್ನು ಚೆನ್ನಾಗಿ ಕುಲುಕದಿದ್ದರೆ ಒಂದು ಸಲ ಬರಿಯ ನೀರು, ಇನ್ನೊಂದು ಸಲ ಗಟ್ಟಿ ಮದ್ದು ಕಣ್ಣಿಗೆ ಬೀಳುತ್ತದೆ. ಕಾಗದದ ಮೇಲಿನ ಇಳಿಕೆ ಆಗ ಕಣ್ಣಿನಲ್ಲಿ ನಡೆಯುವುದಿಲ್ಲ. ಬೇರೆ ಹನಿಯೂ ಇದ್ದರೆ ಎರಡರ ನಡುವೆ ಐದು ನಿಮಿಷ ಬಿಡಬೇಕು. ಹನಿ ಹಾಕಿ ಕಣ್ಣು ಮುಚ್ಚಿ, ಮೂಗಿನ ಬದಿಯ ಕಣ್ಣಿನ ಮೂಲೆಯನ್ನು ಒಂದೆರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿದರೆ ಮದ್ದು ಗಂಟಲಿಗೆ ಇಳಿದು ಮೈಗೆ ಸೇರುವುದು ಕಡಿಮೆಯಾಗುತ್ತದೆ. ಮಕ್ಕಳಿಗೆ ಇದು ಮುಖ್ಯ.

ಒಂದು ಹೊತ್ತು ಮರೆತರೆ ನೆನಪಾದಾಗ ಹಾಕಿ ಮುಂದುವರಿಸಿದರಾಯಿತು. ಎರಡರಷ್ಟು ಹಾಕುವುದು ಬೇಡ. ಎರಡು ಮೂರು ದಿನ ತಪ್ಪಿದ್ದರೆ ವೈದ್ಯರಿಗೆ ತಿಳಿಸಬೇಕು. ಇಳಿಸುತ್ತಿರುವಾಗ ನಡುವೆ ಒತ್ತಡ ಏರಿದ್ದು ಪತ್ತೆಯಾದರೂ ನಾವಾಗಿ ನಿಲ್ಲಿಸುವಂತಿಲ್ಲ. ಅಂಥ ಸಂದರ್ಭದಲ್ಲಿ ವೈದ್ಯರು ಫ್ಲೋರೋಮೆಥೋಲೋನ್, ಲೋಟೆಪ್ರೆಡ್ನಾಲ್‌ನಂತಹ, ಒತ್ತಡವನ್ನು ಅಷ್ಟಾಗಿ ಏರಿಸದ ಸ್ಟೀರಾಯ್ಡಿಗೆ ಬದಲಿಸುತ್ತಾರೆ ಅಥವಾ ಒತ್ತಡ ಇಳಿಸುವ ಹನಿಯನ್ನು ಜೊತೆಗೆ ಕೊಡುತ್ತಾರೆ. ಶಸ್ತ್ರಚಿಕಿತ್ಸೆಯಾದ ಕಣ್ಣಿನಲ್ಲಿ ನೋವು ಹೆಚ್ಚುತ್ತಾ ಹೋದರೆ, ದೃಷ್ಟಿ ಇಳಿದರೆ, ಕೀವು ಕಂಡರೆ ಅದು ಉರಿಯೂತವೋ ಸೋಂಕೋ ಎಂದು ಮನೆಯಲ್ಲಿ ಚರ್ಚಿಸದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಎಲ್ಲ ಸ್ಟೀರಾಯ್ಡ್ ಹನಿಗೂ ಇಳಿಕೆ ಬೇಕೆಂದೇನೂ ಇಲ್ಲ. ನಾಲ್ಕೈದು ದಿನದ ಸಣ್ಣ ಸರದಿಯನ್ನು ವೈದ್ಯರು ಹಾಗೆಯೇ ನಿಲ್ಲಿಸಲು ಹೇಳಬಹುದು.

ಮನೆಯ ಕಪಾಟಿನಲ್ಲಿರುವ ಬಾಟಲಿ

ಬಾಟಲಿಯ ಮೇಲಿನ ಬ್ರಾಂಡ್ ಹೆಸರು ಕಂಪನಿಯಿಟ್ಟದ್ದು. ಅದರಿಂದ ಏನೂ ತಿಳಿಯದು. ಅದರ ಜೊತೆಗಿರುವ ಮದ್ದಿನ ಹೆಸರನ್ನು ಓದಬೇಕು. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್, ಡೈಫ್ಲುಪ್ರೆಡ್ನೇಟ್, ಫ್ಲೋರೋಮೆಥೋಲೋನ್, ಲೋಟೆಪ್ರೆಡ್ನಾಲ್ ಇವೆಲ್ಲ ಸ್ಟೀರಾಯ್ಡುಗಳು. ಹೆಚ್ಚಿನ ಹೆಸರುಗಳಲ್ಲಿ ‘ಸೋನ್’, ‘ಲೋನ್’ ಅಥವಾ ‘ಪ್ರೆಡ್’ ಎಂಬ ತುಣುಕು ಇರುತ್ತದೆ. ಇಂಗ್ಲಿಷ್ ಪಾಠ ಓದುವ ಮಗು ಮನೆಯಲ್ಲಿದ್ದರೆ ಅದರಿಂದಲೇ ಓದಿಸಬಹುದು. ಎಷ್ಟೋ ಬಾಟಲಿಗಳಲ್ಲಿ ಸ್ಟೀರಾಯ್ಡ್ ಒಂಟಿಯಾಗಿರದೆ ಸಿಪ್ರೋಫ್ಲಾಕ್ಸಸಿನ್, ಮಾಕ್ಸಿಫ್ಲಾಕ್ಸಸಿನ್, ಕ್ಲೋರಾಂಫೆನಿಕಾಲ್‌ನಂತಹ ಸೋಂಕಿನ ಮದ್ದಿನ ಜೊತೆಗಿರುತ್ತದೆ. ನಮ್ಮ ಹುಡುಗನ ಬಾಟಲಿ ಅಂಥದೇ ಆಗಿತ್ತು. ಅದು ಬರೇ ‘ಕಣ್ಣು ಕೆಂಪಾದರೆ ಹಾಕುವ ಆಂಟಿಬಯಾಟಿಕ್’ ಎಂದು ಮನೆಯವರು ನಂಬಿದ್ದರು.

ಸ್ಟೀರಾಯ್ಡ್ ಇರುವ ಕಣ್ಣಿನ ಹನಿಗಳು ಕಾನೂನಿನ ಪ್ರಕಾರ ಶೆಡ್ಯೂಲ್ ಹೆಚ್ ಪಟ್ಟಿಗೆ ಸೇರುತ್ತವೆ, ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಆ ನಿಯಮ ಅಂಗಡಿಯ ಮುಂದೆ ಎಷ್ಟು ಸಡಿಲವಾಗುತ್ತದೆಂದು ಎಲ್ಲರೂ ಬಲ್ಲರು. ಸಡಿಲಿಕೆಯ ಬೆಲೆ ಒತ್ತಡ, ಪೊರೆಗಳಷ್ಟೇ ಅಲ್ಲ. ಭತ್ತದ ಹೊಟ್ಟೋ ಅಡಿಕೆಯ ಸೋಗೆಯೋ ತಾಗಿ ಕಪ್ಪುಗುಡ್ಡೆಯ ಮೇಲೆ ಬೂಷ್ಟಿನ ಹುಣ್ಣಾದವರು, ಹರ್ಪಿಸ್ ವೈರಾಣುವಿನ ಹುಣ್ಣಾದವರು ಮನೆಯಲ್ಲಿ ಉಳಿದ ಇಂಥ ಹನಿಯನ್ನು ಹಾಕಿಕೊಂಡರೆ ಒಂದೆರಡು ದಿನ ಕೆಂಪು ಇಳಿದು ಗುಣವಾದಂತೆ ತೋರುತ್ತದೆ. ಒಳಗೆ ಹುಣ್ಣು ತಡೆಯಿಲ್ಲದೆ ಬೆಳೆಯುತ್ತದೆ. ಹೀಗಾಗಿ ಸರದಿ ಮುಗಿದ ದಿನವೇ ಉಳಿದ ಮದ್ದನ್ನು ಚೆಲ್ಲಿ ಬಾಟಲಿಯನ್ನು ಎಸೆಯುವುದು ಒಳಿತು. ‘ಮುಂದಿನ ಸಲಕ್ಕೆ ಆದೀತು’ ಎಂದು ಫ್ರಿಜ್ಜಿನ ಬಾಗಿಲಲ್ಲಿ ಇಡುವುದು ಬೇಡ.

ಚೀಟಿಯ ಭಾಷೆ ನಮ್ಮ ಗಡಿನಾಡಿನ ನಿತ್ಯದ ತೊಡಕು. ನಾವು ಶಿಕ್ಷಕರು, ಮದ್ದು ಹೇಳುವುದು ನಮ್ಮ ಕೆಲಸವಲ್ಲ. ಚೀಟಿಯನ್ನು ಓದಿ ಕನ್ನಡದಲ್ಲಿ ಬರೆದುಕೊಡುವುದು ನಮ್ಮಿಂದ ಆಗುತ್ತದೆ. ಈಗ ನಮ್ಮ ಶಾಲೆಯಲ್ಲಿ ಯಾವ ಮನೆಯವರು ಕೇಳಿದರೂ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ವಾರದ ಮೊದಲ ದಿನದ ಚೌಕದಲ್ಲಿ ‘ಇಂದಿನಿಂದ 4 ಸಲ’, ‘ಇಂದಿನಿಂದ 3 ಸಲ’ ಎಂದು ಬರೆದು, ಕೊನೆಯ ದಿನಕ್ಕೆ ‘ಇಂದಿಗೆ ನಿಲ್ಲಿಸಿ’ ಎಂದು ಕೆಂಪಿನಲ್ಲಿ ಬರೆಯುತ್ತೇವೆ. ಬರೆದದ್ದನ್ನು ಚೀಟಿಯೊಂದಿಗೆ ಆಸ್ಪತ್ರೆಯ ಸಿಸ್ಟರಿಗೋ ಮದ್ದಿನಂಗಡಿಯ ಫಾರ್ಮಸಿಸ್ಟರಿಗೋ ಒಮ್ಮೆ ತೋರಿಸಿ ಸರಿಯಿದೆಯೆಂದು ಖಚಿತಪಡಿಸಿಕೊಳ್ಳಲು ಹೇಳುತ್ತೇವೆ. ಮರುಭೇಟಿಯ ದಿನವನ್ನೂ ಅದರಲ್ಲೇ ಗುರುತಿಸುತ್ತೇವೆ. ಆ ದಿನ ‘ಕಣ್ಣಿನ ಒತ್ತಡ ಅಳೆದಿರಾ, ಎಷ್ಟಿದೆ?’ ಎಂದು ಕೇಳಿ ಸಂಖ್ಯೆಯನ್ನು ಬರೆಸಿಕೊಂಡು ಬರುವಂತೆ ಹೇಳುತ್ತೇವೆ.

ಹುಡುಗನ ಚಿಕಿತ್ಸೆ ಹೀಗೆ ನಡೆಯಿತು. ವೈದ್ಯರು ಸ್ಟೀರಾಯ್ಡನ್ನು ತಮ್ಮ ನಿಗಾದಲ್ಲಿ ಬಿಡಿಸಿದರು. ತುರಿಕೆಗೆ ಓಲೋಪಟಡೀನ್ ಮರಳಿತು, ಜೊತೆಗೆ ಸ್ಟೀರಾಯ್ಡ್ ಅಲ್ಲದ ಟ್ಯಾಕ್ರೋಲಿಮಸ್ ಮುಲಾಮು ಬಂತು. ತಣ್ಣೀರಿನ ಬಟ್ಟೆಯಿಂದ ಒತ್ತಡ ಕೊಡದೆ ಕಣ್ಣು ತಂಪು ಮಾಡಿಕೊಳ್ಳುವ ಅಭ್ಯಾಸ ಮಾಡಿಸಿದರು. ಒತ್ತಡ ಇಳಿಸಲು ಸಾಮಾನ್ಯವಾಗಿ ಮೊದಲು ನೆನಪಾಗುವ ಟಿಮೊಲಾಲ್ ಹನಿ ಅವನಿಗೆ ಆಗುವಂತಿರಲಿಲ್ಲ. ಅವನಿಗೆ ಉಬ್ಬಸವಿತ್ತು, ಟಿಮೊಲಾಲ್ ಉಬ್ಬಸವನ್ನು ಕೆರಳಿಸುತ್ತದೆ. ಅಲರ್ಜಿಯ ಮಕ್ಕಳಲ್ಲಿ ಕಣ್ಣು ತುರಿಕೆಯೂ ಉಬ್ಬಸವೂ ಒಟ್ಟಿಗಿರುವುದು ಅಪರೂಪವಲ್ಲವಾದ್ದರಿಂದ ಇದನ್ನು ತಾಯಂದಿರು ವೈದ್ಯರಿಗೆ ಮೊದಲೇ ಹೇಳಬೇಕು. ಬೇರೆ ಹನಿ ಕೊಟ್ಟರು. ಆರು ವಾರದಲ್ಲಿ ಎಡಗಣ್ಣು 18ಕ್ಕೆ ಇಳಿಯಿತು. ಬಲಗಣ್ಣು 30ರ ಕೆಳಗೆ ಬರಲಿಲ್ಲ. ವರ್ಷಗಟ್ಟಲೆ ಸ್ಟೀರಾಯ್ಡ್ ಬಿದ್ದ ಜಾಲರಿ ಕೆಲವೊಮ್ಮೆ ಹೀಗೆ ಮರಳಿ ತೆರೆದುಕೊಳ್ಳುವುದಿಲ್ಲ. ದ್ರವಕ್ಕೆ ಹೊಸ ದಾರಿ ಮಾಡುವ ಶಸ್ತ್ರಚಿಕಿತ್ಸೆ ಬೇಕಾಯಿತು. ಒತ್ತಡ ಈಗ ಹದದಲ್ಲಿದೆ, ಬಲಬದಿಯ ನೋಟ ಮರಳಿಲ್ಲ. ತರಗತಿಯಲ್ಲಿ ಅವನನ್ನು ಬಲತುದಿಯ ಬೆಂಚಿನಲ್ಲಿ, ಗೋಡೆಯ ಪಕ್ಕಕ್ಕೆ ಕೂರಿಸುತ್ತೇವೆ. ಆಗ ಹಲಗೆಯೂ ಗೆಳೆಯರೂ ಅವನ ಎಡಕ್ಕೆ, ಒಳ್ಳೆಯ ಕಣ್ಣಿನ ಬದಿಗೆ ಬರುತ್ತಾರೆ.

ಅವನ ಆರೋಗ್ಯ ಪುಸ್ತಕದ ಮೊದಲ ಪುಟದಲ್ಲಿ ವೈದ್ಯರು ಕೆಂಪು ಮಸಿಯಲ್ಲಿ ‘ಸ್ಟೀರಾಯ್ಡಿಗೆ ಕಣ್ಣಿನ ಒತ್ತಡ ಏರುತ್ತದೆ’ ಎಂದು ಬರೆದಿದ್ದಾರೆ. ಚರ್ಮದ ಮುಲಾಮು, ಉಬ್ಬಸದ ಇನ್‌ಹೇಲರ್, ಮಾತ್ರೆ, ಯಾವ ರೂಪದ ಸ್ಟೀರಾಯ್ಡ್ ಬರೆಯುವ ವೈದ್ಯರಿಗೂ ತಾಯಿ ಆ ಪುಟವನ್ನು ಮೊದಲು ತೋರಿಸುತ್ತಾರೆ. ಅವನ ತಂಗಿಗೆ ಈ ವರ್ಷ ಕಣ್ಣು ತುರಿಕೆ ಆರಂಭವಾಗಿದೆ. ಅವಳ ಚೀಟಿಯನ್ನು ಬರೆಸುವ ದಿನವೂ ಅದೇ ಪುಸ್ತಕ ಜೊತೆಗಿತ್ತು.